‘ಕುಡಿಯುತ್ತೀರಾ’, ‘ಕುಡಿಯುತ್ತಾರಾ’: ಗಡಿನಾಡಿನಲ್ಲಿ ಅತಿಥಿ ಸಂಬೋಧನೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಊರುಗಳು 1956ರವರೆಗೆ ರಾಯಚೂರು, ಕಲಬುರಗಿಗಳೊಡನೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಈ ಮೂರು ಊರುಗಳು ಆಂಧ್ರಪ್ರದೇಶಕ್ಕೆ, ಮುಂದೆ ತೆಲಂಗಾಣಕ್ಕೆ ಸೇರಿದವು. ನಂಟಸ್ತಿಕೆ ಮಾತ್ರ ಗಡಿಯನ್ನು ಲೆಕ್ಕಿಸಲಿಲ್ಲ. ರಾಯಚೂರಿನ ಬೀಗರು ಮಕ್ತಲ್‌ಗೆ ಬರುತ್ತಾರೆ, ಗದ್ವಾಲದ ಹೆಣ್ಣುಮಗಳು ಕೊಟ್ಟ ಮನೆಯಿಂದ ತವರಿಗೆ ಬರುತ್ತಾಳೆ. ಬಂದವರನ್ನು ಎದುರುಗೊಳ್ಳುವ ಕನ್ನಡ ಮಾತ್ರ ಶಾಲೆಯ ತೆಲುಗು, ಪೇಟೆಯ ಉರ್ದು, ಕೆಲವು ಮನೆಗಳ ಮರಾಠಿಯ ನಡುವೆ ಬೆಳೆದ ಕನ್ನಡ. ಆ ಕನ್ನಡದಲ್ಲಿ ಗೌರವ ಎಲ್ಲಿ ಉಳಿಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

‘ನೀನು’ ಏಕವಚನ, ‘ನೀವು’ ಬಹುವಚನ ಹಾಗೂ ಗೌರವವಚನ, ‘ತಾವು’ ಇನ್ನೂ ಹೆಚ್ಚಿನ ಗೌರವ ಎಂಬುದು ಎಲ್ಲರಿಗೂ ತಿಳಿದುದೇ. ಆದರೆ ಮನೆಯ ಮಾತಿನಲ್ಲಿ ಈ ಸರ್ವನಾಮಗಳು ಬಹುಪಾಲು ಲೋಪವಾಗಿರುತ್ತವೆ. ‘ನೀವು ಯಾವಾಗ ಹೊರಡುತ್ತೀರಿ’ ಎನ್ನುವವರಿಗಿಂತ ‘ಯಾವಾಗ ಹೊರಡುತ್ತೀರಿ’ ಎನ್ನುವವರೇ ಹೆಚ್ಚು. ಆಗ ಗೌರವದ ಭಾರವನ್ನೆಲ್ಲ ಕ್ರಿಯಾಪದದ ಕೊನೆಯ ಪ್ರತ್ಯಯವೊಂದೇ ಹೊರಬೇಕಾಗುತ್ತದೆ. ಗಡಿನಾಡಿನ ಕನ್ನಡ ಎಡವುವುದು ಇಲ್ಲಿಯೇ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ನಾರಾಯಣಪೇಟೆಯ ಒಂದು ಮನೆಗೆ ರಾಯಚೂರಿನಿಂದ ಆ ಮನೆಯ ಅಣ್ಣನ ಮಗಳು, ಅವಳ ಗಂಡ, ಅತ್ತೆ ಹಾಗೂ ಎಂಟು ವರ್ಷದ ಮಗ ಬಂದಿದ್ದಾರೆ. ತೆಲುಗು ಮಾಧ್ಯಮದಲ್ಲಿ ಓದಿದ ಮನೆಯ ಹುಡುಗ ಬಾಗಿಲಿಗೆ ಬಂದು ‘ಬರ್ರಿ, ಕೂಡ್ರಿ’ ಎನ್ನುತ್ತಾನೆ. ಇದರಲ್ಲಿ ದೋಷವೇನೂ ಇಲ್ಲ. ‘ಬನ್ನಿರಿ’ ಎಂಬುದರ ಕೊನೆಯ ‘ರಿ’ ಉತ್ತರದ ಕನ್ನಡದಲ್ಲಿ ‘ಹೌದ್ರಿ’, ‘ಇಲ್ರಿ’, ‘ಏನ್ರಿ’ ಎಂದು ಎಲ್ಲದಕ್ಕೂ ಅಂಟಿಕೊಂಡು ಗೌರವವನ್ನು ಸೂಚಿಸುತ್ತದೆ. ತೆಲುಗಿನ ‘ಕೂರ್ಚೋಂಡಿ’, ‘ಅವುನಂಡಿ’ ಎಂಬಲ್ಲಿಯ ‘ಅಂಡಿ’ಯ ಕೆಲಸವೂ ಇದೇ ಆದುದರಿಂದ ಹುಡುಗನಿಗೆ ಇದು ಸಹಜವಾಗಿ ಬರುತ್ತದೆ.

ಬಳಿಕ ಆತ ಅಕ್ಕನ ಎದುರು ನಿಂತು ‘ಚಹಾ ಕುಡೀತಾರಾ?’ ಎಂದು ಕೇಳುತ್ತಾನೆ. ಪಕ್ಕದಲ್ಲಿ ಕುಳಿತ ಗಂಡನ ವಿಷಯ ಕೇಳುತ್ತಿದ್ದಾನೆಂದು ತಿಳಿದ ಅವಳು ‘ಅವರು ಕುಡಿಯಂಗಿಲ್ಲ’ ಎನ್ನುತ್ತಾಳೆ. ಹುಡುಗ ತಲೆಯಾಡಿಸಿ ಒಳಗೆ ಹೋಗುತ್ತಾನೆ. ಚಹಾ ಯಾರಿಗೂ ಬರುವುದಿಲ್ಲ. ಮನೆಗೆ ಬಂದವರಿಗೆ ಒಂದು ಲೋಟ ಚಹಾ ಸಹ ಕೊಡಲಿಲ್ಲ ಎಂಬ ಮಾತು ರಾಯಚೂರಿನವರೆಗೆ ಹೋಗಲು ಇಷ್ಟು ಸಾಕು.

ಹುಡುಗನ ಉದ್ದೇಶದಲ್ಲಿ ತಪ್ಪಿರಲಿಲ್ಲ, ಗೌರವವನ್ನೇ ತೋರಿಸಿದ್ದನು. ತೆಲುಗಿನಲ್ಲಿ ‘ಮೀರು ತಾಗುತಾರು’ ಎಂದರೆ ನೀವು ಕುಡಿಯುತ್ತೀರಿ, ‘ವಾರು ತಾಗುತಾರು’ ಎಂದರೆ ಅವರು ಕುಡಿಯುತ್ತಾರೆ. ಇಂದಿನ ಆಡುಮಾತಿನಲ್ಲಿ ಮಧ್ಯಮ ಪುರುಷ ಬಹುವಚನಕ್ಕೂ ಪ್ರಥಮ ಪುರುಷ ಬಹುವಚನಕ್ಕೂ ಕ್ರಿಯಾರೂಪ ಒಂದೇ. ಉರ್ದುವಿನ ‘ಆಪ್ ಪೀತೇ ಹೈಂ’ ಎಂಬುದರ ಕ್ರಿಯೆಯೂ ‘ವೋ ಪೀತೇ ಹೈಂ’ ಎಂಬುದರ ಕ್ರಿಯೆಯೇ. ಎರಡು ಭಾಷೆಗಳು ಒಂದೇ ದಿಕ್ಕಿಗೆ ಎಳೆದಾಗ ಮೂರನೆಯದು ಅತ್ತ ವಾಲುವುದು ಸಹಜ. ಮರಾಠಿಯಾದರೋ ‘ತುಮ್ಹೀ’ ಹಾಗೂ ‘ತೇ’ಗಳ ಕ್ರಿಯಾರೂಪಗಳನ್ನು ಕನ್ನಡದಂತೆಯೇ ಬೇರೆಯಾಗಿ ಇಟ್ಟುಕೊಂಡಿದೆ, ಆದ್ದರಿಂದ ಮನೆಯಲ್ಲಿ ಮರಾಠಿ ಆಡುವವರನ್ನು ಆ ಭಾಷೆ ಈ ತಪ್ಪಿಗೆ ತಳ್ಳುವುದಿಲ್ಲ.

ಇದನ್ನು ಗುರುತಿಸುವಾಗ ಒಂದು ಎಚ್ಚರ ಅಗತ್ಯ. ಭೂತಕಾಲದ ಪ್ರಶ್ನೆಯನ್ನು ಪರೀಕ್ಷೆಗೆ ತೆಗೆದುಕೊಳ್ಳಬಾರದು. ಬರಹದಲ್ಲಿ ‘ಮಾಡಿದಿರಿ’, ‘ಮಾಡಿದರು’ ಬೇರೆ ಬೇರೆಯಾದರೂ ವೇಗದ ಮಾತಿನಲ್ಲಿ ‘ಏನು’ ಸೇರಿದಾಗ ಎರಡೂ ‘ಮಾಡಿದ್ರೇನು’ ಆಗುತ್ತವೆ. ಸ್ವರಲೋಪವು ಭೇದವನ್ನೇ ಅಳಿಸುತ್ತದೆ. ಅಲ್ಲಿ ರಾಯಚೂರಿನವರಿಗೂ ಸಂದರ್ಭವೇ ಗತಿ. ‘ಬರ್ತೀರಿ’, ‘ಬರ್ತಾರ’ ಎಂಬ ವರ್ತಮಾನ ರೂಪಗಳು ಹಾಗೆ ಬೆರೆಯುವುದಿಲ್ಲ. ತಪ್ಪನ್ನು ಅಲ್ಲಿಯೇ ಹುಡುಕಬೇಕು.

ಈಗ ಅದೇ ಮನೆಯ ಹಿರಿಯಳ ಮಾತನ್ನು ಗಮನಿಸೋಣ. ಬಂದ ದಂಪತಿಗಳಲ್ಲಿ ಹೆಂಡತಿ ಆಕೆ ಎತ್ತಿ ಆಡಿಸಿದ ಮಗು, ಆದ್ದರಿಂದ ‘ನೀನು’. ಗಂಡ ವಯಸ್ಸಿನಲ್ಲಿ ಮಗನಷ್ಟೇ ಆದರೂ ಅಳಿಯ, ಆದ್ದರಿಂದ ‘ನೀವು’. ಇಬ್ಬರನ್ನೂ ಒಟ್ಟಿಗೆ ಕೇಳುವಾಗ ‘ಎಷ್ಟು ದಿನ ಇರ್ತೀರಿ’ ಎಂದರೆ ಈ ‘ನೀವು’ ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಗೌರವ. ಅಳಿಯ ಅದನ್ನು ತನಗೊಬ್ಬನಿಗೇ ಹೇಳಿದ ಮಾತೆಂದು ತಿಳಿಯಲೂಬಹುದು, ಆಗ ಹೆಂಡತಿ ಮಾತಿನ ಹೊರಗುಳಿಯುತ್ತಾಳೆ. ‘ನೀವಿಬ್ಬರೂ ಎಷ್ಟು ದಿನ ಇರ್ತೀರಿ’ ಎಂಬ ಒಂದು ಪದದ ಸೇರ್ಪಡೆಯಿಂದ ಇದು ಸರಿಹೋಗುತ್ತದೆ. ಒಬ್ಬನನ್ನೇ ಉದ್ದೇಶಿಸಬೇಕಾದರೆ ‘ಅಳಿಯಂದ್ರೇ’ ಎಂದು ಕರೆದು ಮಾತು ಆರಂಭಿಸಬೇಕು. ಗೌರವವೆಂದು ಭಾವಿಸಿ ಅಣ್ಣನ ಮಗಳಿಗೂ ‘ನೀವು’ ಎಂದರೆ ಅವಳು ನೊಂದುಕೊಂಡಾಳು. ‘ನೀನು’ ಎಂದು ಕರೆಯುತ್ತಿದ್ದವರು ಒಮ್ಮೆಲೇ ‘ನೀವು’ ಎನ್ನುವುದು ನಮ್ಮ ಮನೆಗಳಲ್ಲಿ ಸಿಟ್ಟಿನ ಗುರುತು. ಆದರೆ ಆ ಹೆಂಡತಿ ನೆಂಟಳಲ್ಲದೆ ಪರಿಚಿತರ ಪತ್ನಿಯಾಗಿದ್ದರೆ, ಎಷ್ಟೇ ಚಿಕ್ಕವಳಾದರೂ ಗಂಡನಿಗೆ ‘ನೀವು’ ಎಂದು ಅವಳಿಗೆ ‘ನೀನು’ ಎನ್ನುವಂತಿಲ್ಲ.

ಅತ್ತೆಗೆ ಯಾವ ರೂಪ? ಬೀಗಿತ್ತಿಗೆ ‘ತಾವು’ ಸಲ್ಲುತ್ತದೆ, ‘ನೀವು’ ಎಂದರೂ ಕೊರತೆಯಿಲ್ಲ. ‘ತಾವು’ ಎಂಬುದಕ್ಕೆ ಕನ್ನಡದಲ್ಲಿ ಪ್ರಥಮ ಪುರುಷದ ಆತ್ಮಾರ್ಥಕ ಬಳಕೆಯೂ ಇದೆ: ‘ಅಜ್ಜನವರು ತಾವು ಬರುವುದಿಲ್ಲವೆಂದರು’ ಎಂಬಲ್ಲಿ ‘ತಾವು’ ಅಜ್ಜನವರೇ. ಸಂಬೋಧನೆಯಲ್ಲಿ ಬಂದಾಗ ಅದರ ಕ್ರಿಯಾಪದ ‘ನೀವು’ವಿನದೇ: ‘ತಾವು ಕುಡಿಯುತ್ತೀರಾ’ ಎಂಬುದು ಸರಿ, ‘ತಾವು ಕುಡಿಯುತ್ತಾರಾ’ ಎಂಬುದು ಮತ್ತೆ ಹುಡುಗನ ಹಳೆಯ ತಪ್ಪೇ. ಮರಾಠಿ ಮನೆಮಾತಿನವರಿಗೆ ಇಲ್ಲಿ ಬೇರೊಂದು ಎಡವು ಇದೆ. ಅವರ ‘ಆಪಣ’ ಗೌರವದ ನೀವೂ ಹೌದು, ಎದುರಿನವರನ್ನು ಒಳಗೊಂಡ ನಾವೂ ಹೌದು. ಕನ್ನಡದ ‘ತಾವು’ ಎಂದಿಗೂ ನಾವು ಆಗದು. ಇದರಲ್ಲಿ ಪಳಗದವರು ‘ತಾವು ಕೂಡಬೇಕು’, ‘ತಾವು ಊಟ ಮಾಡಬೇಕು’ ಎಂದು ‘ಬೇಕು’ವನ್ನು ಆಶ್ರಯಿಸಬಹುದು, ಆ ರೂಪಕ್ಕೆ ಪುರುಷಪ್ರತ್ಯಯವೇ ಇಲ್ಲವಾದ್ದರಿಂದ ತಪ್ಪುವ ಪ್ರಶ್ನೆಯೂ ಇಲ್ಲ.

ಇನ್ನು ಹುಡುಗ. ಎಂಟು ವರ್ಷದವನಿಗೆ ‘ನೀನು’ ಸಾಕು. ‘ಬಾ ತಮ್ಮಾ, ಏನು ಓದ್ತಿ’ ಎಂಬಲ್ಲಿ ಅಗೌರವದ ಸುಳಿವೂ ಇಲ್ಲ. ಅತಿಥಿಯ ಮಗುವಿಗೆ ಮೊದಲ ಭೇಟಿಯಲ್ಲಿಯೇ ‘ಬಾರೋ’, ‘ಬಾರೇ’ ಎನ್ನುವುದು ಮಾತ್ರ ಬೇಡ, ಆ ಸಲಿಗೆಯನ್ನು ಗಳಿಸಬೇಕಾಗುತ್ತದೆ. ‘ತಮ್ಮಾ’, ‘ತಂಗಿ’ ಎಂಬ ಬಂಧುವಾಚಕಗಳು ಏಕವಚನದ ಒರಟುತನವನ್ನು ತಾವೇ ತೆಗೆಯುತ್ತವೆ. ನಾಲ್ಕು ಮಕ್ಕಳು ಒಟ್ಟಿಗೆ ಬಂದಾಗ ‘ನೀವು ಅಂಗಳದಾಗ ಆಡ್ರಿ’ ಎನ್ನುತ್ತೇವೆ. ಅದು ಬರಿಯ ಬಹುವಚನ. ಅವರಲ್ಲೊಬ್ಬ ಉಳಿದರೆ ಮತ್ತೆ ‘ನೀನು ಆಡು’. ಅದೇ ಹುಡುಗ ಹತ್ತು ವರ್ಷದ ನಂತರ ಕಾಲೇಜಿನ ವಿದ್ಯಾರ್ಥಿಯಾಗಿ ನಾರಾಯಣಪೇಟೆಗೆ ಬಂದಾಗ ಅಂಗಡಿಯವರು ‘ಏನು ಬೇಕ್ರಿ’ ಎನ್ನುತ್ತಾರೆ, ಮನೆಯ ಹಿರಿಯಳು ಮಾತ್ರ ‘ಯಾವಾಗ ಬಂದಿ ತಮ್ಮಾ’ ಎಂದೇ ಕೇಳುತ್ತಾಳೆ.