ಹಳದಿಯ ನಡುವಿಗೆ ಹುಳಿ ತಲುಪಿತೇ?

1997ರ ನವೆಂಬರ್‌ನಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ 68 ವರ್ಷದ ವ್ಯಕ್ತಿಯೊಬ್ಬರಿಗೆ ವಾಂತಿ, ಹೊಟ್ಟೆನೋವು ಶುರುವಾಯಿತು. ನೋಡನೋಡುತ್ತಿದ್ದಂತೆ ಕಣ್ಣಿಗೆ ಒಂದು ಎರಡಾಗಿ ಕಾಣತೊಡಗಿತು, ಉಸಿರಾಡುವುದೇ ಕಷ್ಟವಾಯಿತು. ಅದು ಬೊಟುಲಿಸಂ ಎಂದು ವೈದ್ಯರು ಗುರುತಿಸಿ ಪ್ರತಿವಿಷ ಕೊಟ್ಟರು. ದೀರ್ಘ ಆರೈಕೆಯ ನಂತರ ಅವರು ಚೇತರಿಸಿಕೊಂಡರು. ಅವರು ತಿಂದಿದ್ದು ಮನೆಯಲ್ಲೇ ಮಾಡಿದ ಮೊಟ್ಟೆಯ ಉಪ್ಪಿನಕಾಯಿ.

ಮಾಡಿದ ವಿಧಾನದಲ್ಲಿ ಮೇಲ್ನೋಟಕ್ಕೆ ತಪ್ಪೇನೂ ಕಾಣುವುದಿಲ್ಲ. ಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಸಿಪ್ಪೆ ಸುಲಿದು, ಬೀಟ್‌ರೂಟ್ ಮತ್ತು ಖಾರದ ಮೆಣಸಿನಕಾಯಿಯ ಜೊತೆ ವಿನೆಗರ್‌ನಲ್ಲಿ ಮುಳುಗಿಸಿ ಗಾಜಿನ ಜಾಡಿಗೆ ಮುಚ್ಚಳ ಬಿಗಿದಿದ್ದರು. ಹುಳಿ ಚೆನ್ನಾಗಿ ಹಿಡಿಯಲೆಂದೇ ಇರಬೇಕು, ಪ್ರತಿ ಮೊಟ್ಟೆಗೂ ಹಲ್ಲುಕಡ್ಡಿಯಿಂದ ಚುಚ್ಚಿದ್ದರು. ಜಾಡಿ ಕೋಣೆಯಲ್ಲೇ ಇತ್ತು, ಆಗಾಗ ಬಿಸಿಲೂ ಬೀಳುತ್ತಿತ್ತು. ಏಳು ದಿನಗಳ ನಂತರ ತಿಂದರು.

ಪ್ರಯೋಗಾಲಯದಲ್ಲಿ ಜಾಡಿಯ ದ್ರವವನ್ನು ಅಳೆದಾಗ ಅದರ ಪಿಎಚ್ 3.5 ಇತ್ತು. ಪಿಎಚ್ ಎಂದರೆ ಹುಳಿಯ ಅಳತೆ. 7 ಎಂದರೆ ನೀರಿನಂತೆ ಸಪ್ಪೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬೊಟುಲಿಸಂ ತರುವ ಬ್ಯಾಕ್ಟೀರಿಯಾ 4.6ಕ್ಕಿಂತ ಕೆಳಗೆ ಮೊಳೆಯಲಾರದು, ವಿಷವನ್ನೂ ಮಾಡಲಾರದು. ಅಂದಮೇಲೆ ದ್ರವ ಬೇಕಾದುದಕ್ಕಿಂತ ಹೆಚ್ಚೇ ಹುಳಿಯಾಗಿತ್ತು. ಆದರೆ ಮೊಟ್ಟೆಯ ಹಳದಿಯಲ್ಲಿ ಸಿಕ್ಕ ವಿಷ ಆ ದ್ರವದಲ್ಲಿದ್ದದ್ದಕ್ಕಿಂತ ಸಾವಿರ ಪಟ್ಟು ಹೆಚ್ಚಾಗಿತ್ತು.

ಮೊಟ್ಟೆಯನ್ನು ಕೆಡದಂತೆ ಇಡುವುದರ ಇಡೀ ಕಷ್ಟ ಈ ಎರಡು ಅಂಕಿಗಳ ನಡುವೆ ಇದೆ. ಹೊರಗಿನ ನೀರು ಎಷ್ಟು ಹುಳಿ, ಎಷ್ಟು ಉಪ್ಪು ಎಂದು ನಾವು ನಾಲಿಗೆಯಲ್ಲಿ ನೋಡುತ್ತೇವೆ. ಬ್ಯಾಕ್ಟೀರಿಯಾ ಬೆಳೆಯುವುದು ಹಳದಿಯ ಒಳಗೆ. ಹಳದಿಯ ಸಹಜ ಪಿಎಚ್ 6ಕ್ಕಿಂತ ಮೇಲಿರುತ್ತದೆ, ಅಂದರೆ ಹುಳಿ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಬೆಂದ ಹಳದಿಯ ನಡುವೆ ಗಾಳಿ ಆಡುವುದಿಲ್ಲ, ತೇವವಿದೆ, ಪೋಷಣೆ ಧಾರಾಳವಾಗಿದೆ. ಗಾಳಿಯಿಲ್ಲದ ಕಡೆಯೇ ಬೆಳೆಯುವ ಈ ಜೀವಿಗೆ ಇನ್ನೇನು ಬೇಕು? ಮಣ್ಣಿನಲ್ಲಿ, ಧೂಳಿನಲ್ಲಿ ಇದರ ಬೀಜಕಣಗಳು ಎಲ್ಲೆಡೆ ಇವೆ. ಹಲ್ಲುಕಡ್ಡಿಯ ಆ ಒಂದು ಚುಚ್ಚು ಹುಳಿಗೆ ದಾರಿ ಮಾಡುವ ಮೊದಲು ಬೀಜಕಣಕ್ಕೆ ದಾರಿ ಮಾಡಿಕೊಡಬಲ್ಲದು.

ಹುಳಿ ಒಳಗೆ ಹೋಗುವುದೇ ಇಲ್ಲವೆಂದಲ್ಲ, ನಿಧಾನವಾಗಿ ಹೋಗುತ್ತದೆ. ಮೊದಲು ಬಿಳಿ ಭಾಗವನ್ನು ದಾಟಬೇಕು, ಆಮೇಲೆ ಕೊಬ್ಬು ತುಂಬಿದ ಹಳದಿಯನ್ನು ಹೊಗಬೇಕು. ಸಣ್ಣ ಮೊಟ್ಟೆಗೆ ಒಂದೆರಡು ವಾರ, ದೊಡ್ಡದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಹಳದಿಯನ್ನು ಕಾಯುವುದು ಹುಳಿಯಲ್ಲ, ಫ್ರಿಜ್‌ನ ತಂಪು. ಮನೆಯಲ್ಲಿ ಮಾಡಿದ ಮೊಟ್ಟೆ ಉಪ್ಪಿನಕಾಯಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಫ್ರಿಜ್‌ನಲ್ಲೇ ಇರಬೇಕೆಂದು ಹೇಳುವುದು ಇದಕ್ಕಾಗಿಯೇ. ಇಂಗ್ಲೆಂಡಿನ ಪಬ್‌ಗಳಲ್ಲಿ ಮಾಲ್ಟ್ ವಿನೆಗರ್ ತುಂಬಿದ ಮೊಟ್ಟೆ ಜಾಡಿ ಕೌಂಟರಿನ ಮೇಲೇ ಇರುವುದುಂಟು. ಅದನ್ನು ನೋಡಿ ಮನೆಯಲ್ಲಿ ಹಾಗೆ ಇಡಬಾರದು.

ಹಾಗಾದರೆ ಮಾಡುವುದು ಹೇಗೆ? ಬಿರುಕಿಲ್ಲದ ಒಂದು ಡಜನ್ ಮೊಟ್ಟೆಗಳನ್ನು ಗಟ್ಟಿಯಾಗಿ ಬೇಯಿಸಿ, ತಣ್ಣೀರಿನಲ್ಲಿ ಆರಿಸಿ, ಬಿಳಿ ಭಾಗ ಹರಿಯದಂತೆ ಸುಲಿಯಬೇಕು. ಹರಿದದ್ದನ್ನು ಅಂದೇ ತಿಂದುಬಿಡಿ. 5% ಅಸಿಟಿಕ್ ಆಮ್ಲದ ವಿನೆಗರ್ ಒಂದೂವರೆ ಲೋಟ, ನೀರು ಒಂದು ಲೋಟ, ಉಪ್ಪು, ಕಾಳುಮೆಣಸು ಸೇರಿಸಿ ಕುದಿಸಿ, ಕುದಿನೀರಿನಲ್ಲಿ ತೊಳೆದ ಜಾಡಿಯಲ್ಲಿರುವ ಮೊಟ್ಟೆಗಳು ಪೂರ್ತಿ ಮುಳುಗುವಂತೆ ಬಿಸಿಬಿಸಿಯಾಗಿ ಸುರಿಯಬೇಕು. ಸಾಲದಿದ್ದರೆ ಅದೇ ಅಳತೆಯಲ್ಲಿ ಇನ್ನಷ್ಟು ಮಾಡಿಕೊಳ್ಳಿ, ಬರೀ ನೀರು ಸೇರಿಸಬೇಡಿ. ನಮ್ಮ ಅಂಗಡಿಗಳಲ್ಲಿ ಸಿಗುವ ಹಲವು ಬಾಟಲಿಗಳ ಮೇಲೆ 4% ಎಂದೇ ಬರೆದಿರುತ್ತದೆ. ಅಂಥದ್ದಾದರೆ ನೀರೇ ಬೆರೆಸದಿರುವುದು ಕ್ಷೇಮ. ಮುಚ್ಚಿ ಫ್ರಿಜ್‌ಗೆ ಸೇರಿಸಿ, ಮೂರು ನಾಲ್ಕು ತಿಂಗಳೊಳಗೆ ಮುಗಿಸಿ. ಊಟಕ್ಕೆ ಹೊರಗೆ ತೆಗೆದ ಜಾಡಿ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಬೊಟುಲಿನಂ ವಿಷಕ್ಕೆ ವಾಸನೆ, ರುಚಿ ಇರಬೇಕೆಂದೇನೂ ಇಲ್ಲ. ಮೂಸಿ ನೋಡಿ ಕಂಡುಹಿಡಿಯುತ್ತೇನೆಂಬ ಧೈರ್ಯ ಇಲ್ಲಿ ನಡೆಯದು.

ಹಾಗಿದ್ದರೆ ಫ್ರಿಜ್ ಇಲ್ಲದ ಕಾಲದಲ್ಲಿ ಚೀನಾದ ಜನ ಬಾತುಕೋಳಿ ಮೊಟ್ಟೆಯನ್ನು ತಿಂಗಳುಗಟ್ಟಲೆ ಇಟ್ಟದ್ದು ಹೇಗೆ? ಅವರು ಮೊಟ್ಟೆಯನ್ನು ಬೇಯಿಸಿ ಸುಲಿದು ಹಾಕಲಿಲ್ಲ. ಹಸಿಯಾಗಿ, ಚಿಪ್ಪಿನ ಸಮೇತ ಉಪ್ಪಿನಲ್ಲಿಟ್ಟರು. ಆರನೆಯ ಶತಮಾನದಲ್ಲಿ ಜಿಯಾ ಸಿಷಿಯೆ ಬರೆದ ‘ಚಿಮಿನ್ ಯಾವೊಷು’ ಎಂಬ ಕೃಷಿ ಗ್ರಂಥದಲ್ಲಿ ಇದರ ವಿವರವಿದೆ. ಒಂದು ಮರದ ತೊಗಟೆಯ ಕಷಾಯಕ್ಕೆ ಉಪ್ಪು ಬೆರೆಸಿ, ಅದು ಪೂರ್ತಿ ತಣಿದ ಮೇಲೆಯೇ ಮೊಟ್ಟೆಗಳನ್ನು ಮುಳುಗಿಸಬೇಕು, ಬಿಸಿ ಇದ್ದರೆ ಮೊಟ್ಟೆ ಕೆಡುತ್ತದೆ, ತಿಂಗಳಾದ ಮೇಲೆ ಬೇಯಿಸಿ ತಿನ್ನಬೇಕು ಎಂದು ಅವನು ಹೇಳುತ್ತಾನೆ. ಇಷ್ಟು ಹಳೆಯ ಪುಸ್ತಕದಲ್ಲಿ ತಣಿಸುವುದು, ಕಾಯುವುದು, ಬೇಯಿಸುವುದು ಮೂರನ್ನೂ ಬಿಡದೆ ಬರೆದಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಜಿಯಾಂಗ್ಸು ಪ್ರಾಂತ್ಯದ ಗಾವೊಯೂ ಇವತ್ತಿಗೂ ಈ ಮೊಟ್ಟೆಗೆ ಹೆಸರಾದ ಊರು. ಇಂಡೋನೇಷ್ಯಾದ ಬ್ರೆಬೆಸ್‌ನಲ್ಲಿ ಉಪ್ಪುನೀರಿನ ಬದಲು ಬೂದಿ ಅಥವಾ ಇಟ್ಟಿಗೆ ಪುಡಿಗೆ ಉಪ್ಪು ಕಲಸಿ ಮೊಟ್ಟೆಗೆ ದಪ್ಪಗೆ ಮೆತ್ತುತ್ತಾರೆ.

ಹಸಿ ಮೊಟ್ಟೆ ತನ್ನ ಕಾವಲನ್ನು ತಾನೇ ಹೊತ್ತು ಬಂದಿರುತ್ತದೆ. ಅದರ ಬಿಳಿಯಲ್ಲಿರುವ ಲೈಸೊಜೈಮ್ ಹಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕರಗಿಸುತ್ತದೆ. ಇನ್ನೊಂದು ಪ್ರೋಟೀನು ಕಬ್ಬಿಣದ ಅಂಶವನ್ನು ಬಿಗಿಹಿಡಿದು ಅವುಗಳಿಗೆ ಸಿಗದಂತೆ ಮಾಡುತ್ತದೆ. ಬೇಯಿಸಿದರೆ ಈ ಕಾವಲು ಬಹುತೇಕ ಹೋಗುತ್ತದೆ, ಸುಲಿದರೆ ಚಿಪ್ಪು ಮತ್ತು ಪೊರೆಗಳೂ ಹೋಗುತ್ತವೆ. ವಿನೆಗರ್ ಮೊಟ್ಟೆಗೆ ಫ್ರಿಜ್ ಏಕೆ ಬೇಕು, ಉಪ್ಪಿನ ಮೊಟ್ಟೆ ಅದಿಲ್ಲದೆಯೂ ಏಕೆ ನಿಲ್ಲುತ್ತಿತ್ತು ಎಂಬುದಕ್ಕೆ ಇದು ದೊಡ್ಡ ಕಾರಣ.

ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಉಪ್ಪು ಒಳಗಿಳಿದಂತೆ ಹಳದಿಯ ನೀರು ಹೊರಬರುತ್ತದೆ. ಉಪ್ಪಿನ ಕೆಲಸ ನೀರನ್ನು ಕಟ್ಟಿಹಾಕುವುದು. ನೀರು ಇದ್ದರೂ ಬ್ಯಾಕ್ಟೀರಿಯಾಕ್ಕೆ ಅದು ದಕ್ಕುವುದಿಲ್ಲ. ಆಹಾರದ ನೀರಿನಲ್ಲಿ ಉಪ್ಪು 10% ಮುಟ್ಟಿದರೆ ಬೊಟುಲಿಸಂನ ಬ್ಯಾಕ್ಟೀರಿಯಾ ಬೆಳೆಯಲಾರದು. ಉಪ್ಪು ಒಳಗೆ ಸೇರುವಷ್ಟರಲ್ಲಿ ಬಿಳಿ ಭಾಗ ತೆಳ್ಳಗಾಗುತ್ತದೆ, ಹಳದಿ ಗಟ್ಟಿ ಉಂಡೆಯಾಗುತ್ತದೆ. ಬೇಯಿಸಿದಾಗ ಕಿತ್ತಳೆ ಬಣ್ಣದ ಆ ಹಳದಿಯಿಂದ ಎಣ್ಣೆ ಒಸರುತ್ತದೆ. ಬಾತುಕೋಳಿ ಮೊಟ್ಟೆಯನ್ನೇ ಆರಿಸಿಕೊಂಡದ್ದು ಅದರ ಹಳದಿ ದೊಡ್ಡದು, ಕೊಬ್ಬು ಹೆಚ್ಚು ಎಂಬ ಕಾರಣಕ್ಕೆ.

ಒಂದು ಲೀಟರ್ ನೀರಿಗೆ 250ರಿಂದ 300 ಗ್ರಾಂ ಉಪ್ಪು ಹಾಕಿ ಕುದಿಸಿ ಪೂರ್ತಿ ತಣಿಸಿ, ತೊಳೆದು ಒಣಗಿಸಿದ ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಬೇಕು. ತೇಲದಂತೆ ಮೇಲೊಂದು ತಟ್ಟೆ ಇಡಬೇಕು. ಮೂರು ನಾಲ್ಕು ವಾರಗಳಲ್ಲಿ ಒಂದನ್ನು ಒಡೆದು ನೋಡಿ. ಬಿಳಿ ನೀರಿನಂತೆ ತಿಳಿಯಾಗಿದ್ದು ಹಳದಿ ಒತ್ತಿದರೂ ಒಡೆಯದೆ ಉರುಳಿದರೆ ಸಿದ್ಧವಾಗಿದೆ. ಹಳದಿ ಕದಡಿ ಬಿಳಿಯೊಂದಿಗೆ ಬೆರೆತಿದ್ದರೆ, ಕೊಳೆತ ವಾಸನೆ ಬಂದರೆ ಎಸೆಯಬೇಕು. ಬಿರುಕು ಬಿಟ್ಟ ಒಂದೇ ಮೊಟ್ಟೆ ಇಡೀ ಭರಣಿಯ ನೀರನ್ನು ಕೆಡಿಸಬಲ್ಲದು, ಆದ್ದರಿಂದ ಹಾಕುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು.

ಉಪ್ಪು ಸಾಲ್ಮೊನೆಲ್ಲಾವನ್ನು ತಡೆದು ನಿಲ್ಲಿಸುತ್ತದೆ, ಕೊಲ್ಲುತ್ತದೆಂದು ನಂಬುವಂತಿಲ್ಲ. ಸ್ಟೆಫಿಲೊಕಾಕಸ್ ಅಂತೂ ಉಪ್ಪನ್ನು ಸಾಕಷ್ಟು ತಾಳಿಕೊಳ್ಳುವ ಜೀವಿ. ಅದು ನಮ್ಮ ಕೈಯಿಂದಲೇ ಬರುವುದರಿಂದ ಕೈ, ಭರಣಿ ಎರಡೂ ಶುಚಿಯಾಗಿರಬೇಕು. ಉಪ್ಪಿನಿಂದ ತೆಗೆದ ಮೊಟ್ಟೆಯನ್ನು ಹಸಿಯಾಗಿ ಎಂದಿಗೂ ತಿನ್ನಬಾರದು. ಹಳದಿಯ ನಡುವಿನವರೆಗೆ ಬಿಸಿ ತಲುಪುವಂತೆ ಹನ್ನೆರಡು ಹದಿನೈದು ನಿಮಿಷ ಕುದಿಸಿ, ಬೆಂದ ಮೇಲೆ ಚಿಪ್ಪಿನ ಸಮೇತ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಗಂಜಿಯ ಜೊತೆ ಒಂದಿಷ್ಟೇ ತಿನ್ನಬಹುದು. ರಕ್ತದೊತ್ತಡ ಇರುವವರಿಗೆ ಅದರ ಬಿಳಿ ಭಾಗ ಬೇಡ. ಒಳಗಿಳಿದ ಉಪ್ಪಿನ ಹೆಚ್ಚಿನ ಪಾಲು ಅಲ್ಲೇ ಉಳಿದಿರುತ್ತದೆ.