ವಾರದ ಚಾರ್ಟ್ ಒಪ್ಪಿದ ಮೇಲೆ ಗಂಟೆಯ ಚಾರ್ಟ್

ಒಂದೇ ಷೇರು ಗಂಟೆಯ ಚಾರ್ಟಿನಲ್ಲಿ ಇಳಿಯುತ್ತಿರುತ್ತದೆ, ವಾರದ ಚಾರ್ಟಿನಲ್ಲಿ ಏರುತ್ತಿರುತ್ತದೆ. ಎರಡೂ ನಿಜ. ಹಾಗಾದರೆ ಮೊದಲು ಯಾವುದನ್ನು ನೋಡಬೇಕು? ಮನೋವೈದ್ಯರೂ ಟ್ರೇಡರೂ ಆಗಿದ್ದ ಅಲೆಕ್ಸಾಂಡರ್ ಎಲ್ಡರ್ 1986ರಲ್ಲಿ ಇದಕ್ಕೊಂದು ಕ್ರಮ ಹಾಕಿಕೊಟ್ಟರು. ಅದರ ಹೆಸರು ‘ಟ್ರಿಪಲ್ ಸ್ಕ್ರೀನ್’. ದಿಕ್ಕನ್ನು ದೊಡ್ಡ ಚಾರ್ಟ್ ತೋರಿಸಬೇಕು, ಅವಕಾಶವನ್ನು ನಡುವಿನದು, ಕೊಳ್ಳುವ ಗಳಿಗೆಯನ್ನು ಚಿಕ್ಕದು.

ಲೆಕ್ಕಕ್ಕೆ ಒಂದು ಷೇರು ಇಟ್ಟುಕೊಳ್ಳೋಣ. ವಾರದ ಚಾರ್ಟಿನಲ್ಲಿ 26 ವಾರಗಳ ಸರಾಸರಿ ಗೆರೆ ಮೇಲ್ಮುಖವಾಗಿದೆ, ಬೆಲೆಯೂ ಅದರ ಮೇಲಿದೆ. ಅಂದರೆ ಇಲ್ಲಿ ಕೊಳ್ಳುವ ಯೋಚನೆ ಮಾತ್ರ ಮಾಡಬಹುದು. ದಿನದ ಚಾರ್ಟಿನಲ್ಲಿ ಷೇರು 440ರಿಂದ 520 ರೂಪಾಯಿಗೆ ಏರಿ, ಈಗ ಕೆಲವು ದಿನಗಳಿಂದ ಇಳಿಯುತ್ತಾ 488ಕ್ಕೆ ಬಂದಿದೆ. ನಾವು ಕಾಯುತ್ತಿದ್ದುದು ಈ ಇಳಿತಕ್ಕೇ. ಆದರೂ ಈಗಲೇ ಕೊಳ್ಳುವಂತಿಲ್ಲ, ಇಳಿತ ಎಲ್ಲಿ ನಿಲ್ಲುತ್ತದೆಂದು ಯಾರಿಗೂ ಗೊತ್ತಿಲ್ಲ.

ಆಗ ಗಂಟೆಯ ಚಾರ್ಟ್ ತೆರೆಯಬೇಕು. ಬೆಲೆ 484ಕ್ಕೆ ತಾಗಿ, ಮೇಲೆದ್ದು, 494ರಲ್ಲಿ ತಡೆದು, ಮತ್ತೆ ಇಳಿದರೂ 484ನ್ನು ಮುರಿಯಲಿಲ್ಲ. ಮುಂದೆ ಒಂದು ಗಂಟೆಯ ಕ್ಯಾಂಡಲ್ 494ರ ಮೇಲೆ ಮುಗಿದಾಗ 495ಕ್ಕೆ ಕೊಂಡು, 483ಕ್ಕೆ ಸ್ಟಾಪ್‌ಲಾಸ್ ಇಡುತ್ತೇವೆ. ತಪ್ಪಾದರೆ ಷೇರಿಗೆ 12 ರೂಪಾಯಿ ನಷ್ಟ, ಹಳೆಯ ಎತ್ತರ 520ಕ್ಕೆ ಮುಟ್ಟಿದರೆ 25 ರೂಪಾಯಿ ಲಾಭ. ಎರಡು ಲಕ್ಷದ ಬಂಡವಾಳದಲ್ಲಿ ಶೇಕಡ 1, ಅಂದರೆ 2,000 ರೂಪಾಯಿ ಕಳೆದುಕೊಳ್ಳಲು ಸಿದ್ಧರಿದ್ದರೆ 166 ಷೇರು ಕೊಳ್ಳಬಹುದು. ಮರುದಿನ ಬೆಲೆ 475ರಲ್ಲೇ ತೆರೆದರೆ ಮಾತ್ರ ಈ ಲೆಕ್ಕ ನಿಲ್ಲದು. ರಾತ್ರಿ ಕಳೆದು ಬರುವ ಅಂಥ ಜಿಗಿತದಿಂದ ಸ್ಟಾಪ್‌ಲಾಸ್ ಕಾಪಾಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಮಾರುಕಟ್ಟೆ 9.15ಕ್ಕೆ ತೆರೆದು 3.30ಕ್ಕೆ ಮುಚ್ಚುತ್ತದೆ. ಗಂಟೆ ಲೆಕ್ಕದಲ್ಲಿ ಆರು ಪೂರ್ತಿ ಕ್ಯಾಂಡಲ್ ಆಗಿ, ಕೊನೆಯದು ಬರೀ 15 ನಿಮಿಷದ್ದಾಗುತ್ತದೆ. ಅದೊಂದನ್ನೇ ನಂಬಿ ಕೊಳ್ಳಬಾರದು. ವಾರದ ಕ್ಯಾಂಡಲ್ಲೂ ಹಾಗೆಯೇ: ಬುಧವಾರ ಹಸಿರಾಗಿ ಕಂಡದ್ದು ಶುಕ್ರವಾರ ಸಂಜೆಗೆ ಕೆಂಪಾಗಬಹುದು. ದಿಕ್ಕನ್ನು ಮುಗಿದ ವಾರದಿಂದಲೇ ತೀರ್ಮಾನಿಸಬೇಕು.

ನನ್ನ ಮಟ್ಟಿಗೆ, ಹೆಚ್ಚಿನ ಹಾನಿ ಆಗುವುದು ಕೊಂಡ ನಂತರ. ಮೂರು ಚಾರ್ಟ್ ನೋಡಿ ಕೊಂಡವರು ಗಂಟೆಯ ಒಂದು ಕೆಂಪು ಕ್ಯಾಂಡಲ್‌ಗೆ ಹೆದರಿ ಮಾರಿಬಿಡುತ್ತಾರೆ. ಇಲ್ಲವೇ ಸ್ಟಾಪ್‌ಲಾಸ್ ಮುರಿದಾಗ ‘ವಾರದ್ದು ಚೆನ್ನಾಗಿದೆಯಲ್ಲ’ ಎಂದು ಹಿಡಿದು ಕೂರುತ್ತಾರೆ. ಕೊಳ್ಳುವ ಮೊದಲೇ 483 ಮತ್ತು 520 ಎರಡನ್ನೂ ಬರೆದಿಟ್ಟು, ಅವುಗಳ ನಡುವಿನ ಅಲುಗಾಟವನ್ನು ಬಿಟ್ಟುಬಿಡಬೇಕು.

ವಾರದ ಸರಾಸರಿ ನಿಧಾನದ್ದು; ಟ್ರೆಂಡ್ ತಿರುಗಿ ಎಷ್ಟೋ ದಿನವಾದ ಮೇಲೆ ಅದು ತಿರುಗುತ್ತದೆ. ಆ ಗೆರೆ ಏರದೆ ಇಳಿಯದೆ ಮಟ್ಟಸವಾಗಿ ಮಲಗಿದ್ದರೆ ಈ ಕ್ರಮ ಅಲ್ಲಿ ನಡೆಯದು. ಅಂಥ ಷೇರನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ, ಗಂಟೆಯ ಚಾರ್ಟ್ ತೆರೆಯಲೇಬೇಡಿ.