ವಾರಕ್ಕೊಮ್ಮೆ ಕೂತರೆ ದಿನಕ್ಕೊಂದು ಗಂಟೆ

ಅಂಗಡಿಯ ಪೋಸ್ಟನ್ನು ಮೊದಲೇ ಸಿದ್ಧಮಾಡಿ, ಯಾವ ದಿನ ಎಷ್ಟು ಗಂಟೆಗೆ ಹೋಗಬೇಕೆಂದು ಗೊತ್ತುಮಾಡಿಟ್ಟರೆ, ಆ ಹೊತ್ತಿಗೆ ಅದು ತಾನಾಗಿ ಫೇಸ್‌ಬುಕ್ ಪುಟದಲ್ಲಿ ಅಥವಾ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನೇ ಪೋಸ್ಟ್ ಶೆಡ್ಯೂಲ್ ಮಾಡುವುದು ಎನ್ನುತ್ತಾರೆ. ಒಮ್ಮೆ ಶೆಡ್ಯೂಲ್ ಮಾಡಿದ ಪೋಸ್ಟ್ ಆ ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತದೆ. ಹಾಗಾಗಿ ಪ್ರಕಟವಾಗುವ ಹೊತ್ತಿನಲ್ಲಿ ಮಾಲೀಕರ ಫೋನ್ ಆಫ್ ಆಗಿದ್ದರೂ ತೊಂದರೆಯಿಲ್ಲ.

ಸಣ್ಣ ವರ್ತಕರ ಸಂಘದ ಸಭೆಯಲ್ಲಿ ಈ ವಿಷಯವನ್ನು ಕಾಲು ಗಂಟೆಯಲ್ಲಿ ತಿಳಿಸಬಹುದು. ಅದಕ್ಕೆ ಬೇಕಾದ್ದು ಒಂದು ಅಂಗಡಿಯ ಸಮಯದ ಲೆಕ್ಕ ಮತ್ತು ಎಲ್ಲರೆದುರು ಮಾಡಿ ತೋರಿಸಲು ಒಂದು ಫೋನ್. ಮಾತು ಲೆಕ್ಕದಿಂದಲೇ ಶುರುವಾಗುವುದು ಒಳ್ಳೆಯದು. ಸಮಯ ಎಲ್ಲಿ ಸೋರುತ್ತಿದೆ ಎಂಬುದು ಗೊತ್ತಾಗದೆ ಅದನ್ನು ಉಳಿಸುವ ದಾರಿ ಯಾರಿಗೂ ಬೇಕೆನಿಸುವುದಿಲ್ಲ.

ಪೇಟೆಬೀದಿಯ ಒಂದು ಸೀರೆ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ದಿನಕ್ಕೆ ಮೂರು ಪೋಸ್ಟ್. ಸೀರೆ ಬಿಡಿಸಿ ಫೋಟೊ ತೆಗೆಯುವುದು, ನಾಲ್ಕರಲ್ಲಿ ಒಂದನ್ನು ಆರಿಸುವುದು, ಬೆಲೆ ಕೇಳಿ ಎರಡು ಸಾಲು ಬರೆಯುವುದು. ಅಷ್ಟರಲ್ಲಿ ಗಿರಾಕಿ ಬಂದರೆ ಫೋನ್ ಗಲ್ಲಾಪೆಟ್ಟಿಗೆಯ ಮೇಲೆ ಕೂರುತ್ತದೆ, ಅವರು ಹೋದಮೇಲೆ ಮತ್ತೆ ಮೊದಲಿನಿಂದ ಕೆಲಸ. ಪೋಸ್ಟ್ ಹಾಕಿದ ಮೇಲೆ ಬೇರೆಯವರ ರೀಲ್ಸ್ ನೋಡುತ್ತ ಕಳೆಯುವ ಐದು ನಿಮಿಷವೂ ಇದಕ್ಕೇ ಸೇರಬೇಕು. ಒಂದು ಪೋಸ್ಟ್‌ಗೆ ಹೀಗೆ 25 ನಿಮಿಷ ಹಿಡಿದರೆ ದಿನಕ್ಕೆ 75 ನಿಮಿಷ, ಆರು ದಿನಕ್ಕೆ 450 ನಿಮಿಷ.

ಇದೇ ಕೆಲಸವನ್ನು ವಾರದ ರಜಾ ದಿನ ಒಟ್ಟಿಗೆ ಮಾಡಿದಾಗ ಲೆಕ್ಕ ಬದಲಾಗುತ್ತದೆ. ಹದಿನೆಂಟು ಸೀರೆಗಳನ್ನು ಒಂದೇ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ಸಾಲಾಗಿ ಹಾಸಿ ಫೋಟೊ ತೆಗೆಯಲು ಅರ್ಧ ಗಂಟೆ, ಬರಹಕ್ಕೆ ಅರ್ಧ ಗಂಟೆ, ಶೆಡ್ಯೂಲ್ ಮಾಡಲು ಅರ್ಧ ಗಂಟೆ, ಒಟ್ಟು 90 ನಿಮಿಷ. ವಾರಕ್ಕೆ 360 ನಿಮಿಷ, ಅಂದರೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ದಿನವೂ ಬೆಳಿಗ್ಗೆ ಒಮ್ಮೆ ನೋಡಿಕೊಳ್ಳಲು ಐದು ನಿಮಿಷ ಕಳೆದರೂ 55 ನಿಮಿಷ ಕೈಯಲ್ಲಿರುತ್ತದೆ. ದಿನಕ್ಕೆ ಒಂದೇ ಪೋಸ್ಟ್ ಹಾಕುವ ಅಂಗಡಿಗೆ ಇಷ್ಟು ಉಳಿಯದು. ಅಲ್ಲಿ ಉಳಿತಾಯ ಕಾಲು ಗಂಟೆಯ ಆಸುಪಾಸು. ಸಭೆಯಲ್ಲಿ ಇದನ್ನೂ ಹೇಳಿಬಿಡಬೇಕು.

ಶೆಡ್ಯೂಲ್ ಮಾಡಲು ಪ್ರತ್ಯೇಕ ದುಡ್ಡು ಕೊಡಬೇಕಾಗಿಲ್ಲ. ಮೆಟಾ ಕಂಪನಿಯ Meta Business Suite ಎಂಬ ಉಚಿತ ಆ್ಯಪ್‌ನಿಂದ ಫೇಸ್‌ಬುಕ್ ಪುಟ ಮತ್ತು ಇನ್‌ಸ್ಟಾಗ್ರಾಂ ಖಾತೆ ಎರಡಕ್ಕೂ ಒಂದೇ ಸಲ ಪೋಸ್ಟ್ ಸಿದ್ಧಮಾಡಬಹುದು. ಆದರೆ ಎರಡು ಏರ್ಪಾಡು ಮೊದಲೇ ಆಗಿರಬೇಕು. ಇನ್‌ಸ್ಟಾಗ್ರಾಂ ಖಾತೆ ವೈಯಕ್ತಿಕವಾಗಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಪ್ರೊಫೆಷನಲ್ ಖಾತೆಯಾಗಿ ಬದಲಿಸಬೇಕು. ಬಳಿಕ ಅದನ್ನು ಅಂಗಡಿಯ ಫೇಸ್‌ಬುಕ್ ಪುಟಕ್ಕೆ ಜೋಡಿಸಬೇಕು.

ಆಮೇಲಿನ ಹೆಜ್ಜೆಗಳು ಸರಳ. ಹೊಸ ಪೋಸ್ಟ್ ತೆರೆದು, ಎರಡೂ ಖಾತೆಗಳನ್ನು ಆರಿಸಿ, ಫೋಟೊ ಮತ್ತು ಬರಹ ಸೇರಿಸಬೇಕು. ಕೂಡಲೇ ಪ್ರಕಟಿಸುವ ಬದಲು Schedule ಆರಿಸಿ ದಿನ, ಗಂಟೆ ಕೊಟ್ಟರೆ ಮುಗಿಯಿತು. Planner ಎಂಬಲ್ಲಿ ಎಲ್ಲ ಪೋಸ್ಟ್‌ಗಳೂ ಕ್ಯಾಲೆಂಡರ್‌ನಂತೆ ಸಾಲಾಗಿ ಕಾಣುತ್ತವೆ. ಬೆಲೆ ತಿದ್ದುವುದು, ದಿನ ಬದಲಿಸುವುದು, ಬೇಡವಾದದ್ದನ್ನು ಅಳಿಸುವುದು ಎಲ್ಲವೂ ಅಲ್ಲಿಂದಲೇ. ಇನ್‌ಸ್ಟಾಗ್ರಾಂ ಒಂದೇ ಸಾಕೆನ್ನುವವರು ಆ ಆ್ಯಪ್‌ನೊಳಗೇ 75 ದಿನ ಮುಂದಿನವರೆಗೆ ಶೆಡ್ಯೂಲ್ ಮಾಡಬಹುದು. ಅದಕ್ಕೂ ಪ್ರೊಫೆಷನಲ್ ಖಾತೆ ಬೇಕು.

ಬರಹ ಚಿಕ್ಕದಿದ್ದಷ್ಟೂ ಅನುಕೂಲ, ಆದರೆ ಗಿರಾಕಿ ಕೇಳುವುದೆಲ್ಲ ಅದರಲ್ಲಿರಬೇಕು. ವರಮಹಾಲಕ್ಷ್ಮಿ ಹಬ್ಬದ ವಾರಕ್ಕೆ ಆ ಸೀರೆ ಅಂಗಡಿಯ ಒಂದು ಪೋಸ್ಟ್ ಹೀಗಿರಬಹುದು: “ನಂಬರ್ 7. ಹಸಿರು ರೇಷ್ಮೆ ಸೀರೆ, ಕೆಂಪು ಅಂಚು, ಬ್ಲೌಸ್ ಪೀಸ್ ಸೇರಿ. ₹6,500. ಗುರುವಾರ ರಾತ್ರಿ 10ರವರೆಗೆ ಅಂಗಡಿ ತೆರೆದಿರುತ್ತದೆ.” ಅದೇ 7ನೇ ನಂಬರಿನ ಚೀಟಿಯನ್ನು ಸೀರೆಗೂ ಪಿನ್ ಮಾಡಿಟ್ಟರೆ, ಫೋನ್ ಮಾಡಿದವರು ನಂಬರ್ ಹೇಳಿದ ಕೂಡಲೇ ಯಾವ ಸೀರೆಯೆಂದು ಕೆಲಸದ ಹುಡುಗನಿಗೂ ತಿಳಿಯುತ್ತದೆ. ಸೀರೆ ಮಾರಾಟವಾದಾಗ ಆ ಚೀಟಿಯನ್ನು ಕಿತ್ತು ಗಲ್ಲಾದಲ್ಲಿ ಹಾಕಬೇಕು. ಮರುದಿನ ಬೆಳಿಗ್ಗೆ ಚೀಟಿಗಳನ್ನು ನೋಡಿಕೊಂಡು, ಇನ್ನೂ ಹೋಗಿರದ ಪೋಸ್ಟ್‌ಗಳಲ್ಲಿ ಆ ನಂಬರ್ ಇದ್ದರೆ ತೆಗೆದುಬಿಡಬಹುದು.

ಬೆಳಿಗ್ಗೆಯ ಆ ಐದು ನಿಮಿಷ ಬಿಟ್ಟರೆ ಇಡೀ ಏರ್ಪಾಡು ಕೆಡುತ್ತದೆ. ಖಾಲಿಯಾದ ಸರಕಿನ ಪೋಸ್ಟ್ ಹೋದರೆ, ಅದನ್ನು ನೋಡಿ ಬಂದ ಗಿರಾಕಿ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಊರಿನಲ್ಲಿ ಸಾವುನೋವಿನ ಘಟನೆ ನಡೆದ ದಿನ ಹಬ್ಬದ ರಿಯಾಯಿತಿಯ ಪೋಸ್ಟ್ ಬಂದರೆ ನೋಡಿದವರ ಮನಸ್ಸು ನೋಯುತ್ತದೆ. ಬಂದ್ ಘೋಷಣೆಯಾದಾಗಲೂ ಆ ದಿನದ್ದನ್ನು ಮುಂದೂಡಬೇಕು. ಗಂಟೆ ಕೊಡುವಾಗ ಎಎಂ, ಪಿಎಂ ಅದಲುಬದಲಾಗಿ ರಾತ್ರಿ 8ರ ಪೋಸ್ಟ್ ಬೆಳಿಗ್ಗೆಯೇ ಹೋಗಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಪಾಸ್‌ವರ್ಡ್ ಬದಲಿಸಿದ ಮೇಲೆ ಎರಡು ಖಾತೆಗಳ ಜೋಡಣೆ ತಪ್ಪಿ, ಫೇಸ್‌ಬುಕ್‌ಗೆ ಹೋದ ಪೋಸ್ಟ್ ಇನ್‌ಸ್ಟಾಗ್ರಾಂಗೆ ಹೋಗದೆ ಉಳಿಯುವುದೂ ಉಂಟು. ಹಿಂದಿನ ದಿನದ ಪೋಸ್ಟ್‌ಗಳು ಎರಡೂ ಕಡೆ ಬಂದಿವೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ.

ಎಲ್ಲ ವ್ಯಾಪಾರಕ್ಕೂ ಎಲ್ಲ ಪೋಸ್ಟನ್ನೂ ಹೀಗೆ ಮುಂಚಿತವಾಗಿ ಇಡಲಾಗದು. ಚಿನ್ನ, ಹೂವು, ತರಕಾರಿಯ ದರ ದಿನದಿನವೂ ಬದಲಾಗುತ್ತದೆ. ಅಂಥ ಅಂಗಡಿಯವರು ಒಡವೆಯ ವಿನ್ಯಾಸ, ಹಾರದ ಮಾದರಿ, ಅಂಗಡಿಯ ವೇಳೆ ಇವುಗಳನ್ನು ಶೆಡ್ಯೂಲ್ ಮಾಡಿ, ದರವನ್ನು ಆಯಾ ದಿನವೇ ಹಾಕುವುದು ಕ್ಷೇಮ. ಪಾತ್ರೆ, ಬಟ್ಟೆ, ಪುಸ್ತಕ, ಹಾರ್ಡ್‌ವೇರ್ ಅಂಗಡಿಗಳಿಗೆ ಈ ತೊಡಕು ಕಡಿಮೆ.

ಸಭೆಯಲ್ಲಿ ತಪ್ಪದೆ ಬರುವ ಪ್ರಶ್ನೆ ವಾಟ್ಸ್‌ಆ್ಯಪ್‌ನದು, ಏಕೆಂದರೆ ಬಹುಪಾಲು ಗಿರಾಕಿಗಳು ಇರುವುದು ಅಲ್ಲೇ. ಅಲ್ಲಿನ ಸ್ಟೇಟಸ್ 24 ಗಂಟೆ ಮಾತ್ರ ಉಳಿಯುತ್ತದೆ, ಅದನ್ನು ದಿನವೂ ಕೈಯಾರೆ ಹಾಕಬೇಕು. ಆದರೆ ರಜಾ ದಿನ ತೆಗೆದ ಫೋಟೊಗಳನ್ನು ವಾರದ ಹೆಸರಿನ ಆಲ್ಬಂನಲ್ಲಿ, ಬರಹವನ್ನು ನೋಟ್ಸ್‌ನಲ್ಲಿ ಇಟ್ಟುಕೊಂಡಿದ್ದರೆ ಇದು ಎರಡು ನಿಮಿಷದ ಕೆಲಸ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ Away message ಎಂಬುದನ್ನು ಅಂಗಡಿ ಮುಚ್ಚಿರುವ ವೇಳೆಗೆ ಹೊಂದಿಸಿಟ್ಟರೆ, ರಾತ್ರಿ ಬಂದ ವಿಚಾರಣೆಗೆ “ಅಂಗಡಿ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ” ಎಂಬ ಉತ್ತರ ತಾನಾಗಿ ಹೋಗುತ್ತದೆ. Quick replies ಎಂಬಲ್ಲಿ ವಿಳಾಸ, ವೇಳೆ, ಕೊರಿಯರ್ ವಿವರ ಬರೆದಿಟ್ಟರೆ, / ಒತ್ತಿ ಅವನ್ನು ಕರೆಯಬಹುದು. ತಾನಾಗಿ ರಾಶಿ ಮೆಸೇಜ್ ಕಳಿಸುತ್ತೇವೆನ್ನುವ ಹೊರಗಿನ ಆ್ಯಪ್‌ಗಳಿಂದ ದೂರವಿರಬೇಕು. ಅವು ವಾಟ್ಸ್‌ಆ್ಯಪ್‌ನ ನಿಯಮಕ್ಕೆ ವಿರುದ್ಧವಾದ್ದರಿಂದ ಅಂಗಡಿಯ ನಂಬರೇ ನಿಷೇಧಕ್ಕೆ ಒಳಗಾಗಬಹುದು.

ಶೆಡ್ಯೂಲ್ ಮಾಡುವುದರಿಂದ ಪೋಸ್ಟ್ ಹಾಕುವ ಕೆಲಸ ಮಾತ್ರ ಹಗುರವಾಗುತ್ತದೆ. ಕಾಮೆಂಟ್‌ನಲ್ಲಿ ಬೆಲೆ ಕೇಳಿದವರಿಗೆ, ಮೆಸೇಜ್‌ನಲ್ಲಿ ಬೇರೆ ಬಣ್ಣ ಕೇಳಿದವರಿಗೆ ಅಂಗಡಿಯವರೇ ಉತ್ತರಿಸಬೇಕು. ಉಳಿದ ಸಮಯದಲ್ಲಿ ಒಂದು ಪಾಲು ಅದಕ್ಕೆ ಹೋದರೆ ಪೋಸ್ಟ್ ನೋಡಿದವರು ಅಂಗಡಿಗೆ ಬರುವ ಸಂಭವ ಹೆಚ್ಚು. ಸಭೆ ಮುಗಿಯುವ ಮುನ್ನ ಸದಸ್ಯರೊಬ್ಬರ ಫೋನಿನಲ್ಲೇ ಮರುದಿನ ಬೆಳಿಗ್ಗೆಗೆ ಒಂದು ಪೋಸ್ಟ್ ಶೆಡ್ಯೂಲ್ ಮಾಡಿಸಿದರೆ, ಖಾತೆಯನ್ನು ಬದಲಿಸುವಲ್ಲಿ, ಜೋಡಿಸುವಲ್ಲಿ ಬರುವ ತೊಡಕುಗಳು ಅಲ್ಲೇ ಕಾಣುತ್ತವೆ. ಅವನ್ನು ಎಲ್ಲರೂ ಒಟ್ಟಿಗೆ ಬಿಡಿಸಿಕೊಳ್ಳಬಹುದು.